ಒಂದು ತಾಸಿನ ನೀರಿಗೆ ಎಷ್ಟು ಖರ್ಚು? ಡೀಸೆಲ್ ಇಂಜಿನ್, ಸೋಲಾರ್ ಪಂಪ್ ಮತ್ತು ಎರಡು ಸಲ ಮಾಡಿದ ಒಂದು ಭಾಷಣ

ಇದು ಮಲಪ್ರಭೆಗೆ ಸೇರುವ ಒಂದು ಹಳ್ಳದ ದಂಡೆಯ ಊರಿನ ಪ್ರಕರಣ. ಊರಿನ ಹೆಸರು, ಜನರ ಹೆಸರು ಎಲ್ಲವನ್ನೂ ಬಿಟ್ಟಿದ್ದೇನೆ. ಲೆಕ್ಕವನ್ನು ಮಾತ್ರ ಬಿಟ್ಟಿಲ್ಲ, ಯಾಕಂದ್ರೆ ಇಡೀ ಕಥೆ ನಿಂತಿರುವುದೇ ಅದರ ಮೇಲೆ. ನಾನು ಅಲ್ಲಿನ ರೈತರ ಗುಂಪಿನ ಲೆಕ್ಕ ನೋಡುವವನು. ಸಭೆಗಳಲ್ಲಿ ಹಿಂದಿನ ಸಾಲಿನಲ್ಲಿ ಕೂತು ಬರೆದುಕೊಂಡದ್ದು ಇದು.

ಊರಿನ ಮೇಲ್ಭಾಗದ ಹೊಲಗಳಿಗೆ ಕರೆಂಟ್ ಇದೆ. ಹಳ್ಳದ ಕಡೆಯ ಹೊಲಗಳಿಗೆ ಇಲ್ಲ. ಅಲ್ಲಿಂದ ಹತ್ತಿರದ ಲೈನ್ ಅರ್ಧ ಕಿಲೋಮೀಟರಿಗಿಂತ ದೂರ. ಹಾಗಾಗಿ ಆ ಭಾಗದ ಬಾವಿಗಳ ಮೇಲೆ ಈಗಲೂ 5 ಎಚ್‌ಪಿ ಡೀಸೆಲ್ ಇಂಜಿನ್‌ಗಳೇ ಕೂತಿವೆ. ಕಪ್ಪು ಮಣ್ಣು. ಮುಂಗಾರಿಗೆ ಮೆಕ್ಕೆಜೋಳ, ಹಿಂಗಾರಿಗೆ ಈರುಳ್ಳಿ, ಕಡಲೆ. ಈರುಳ್ಳಿ ಹಾಕಿದವರಿಗೆ ಜನವರಿಯಿಂದ ಮಾರ್ಚ್‌ವರೆಗೆ ಬೆಳಗಾದರೆ ಕ್ಯಾನ್ ಹಿಡಿದು ಬಂಕಿಗೆ ಹೋಗುವುದೇ ಕೆಲಸ.

ಮೇಲಿನ ಹೊಲದವರಿಗೆ 10 ಎಚ್‌ಪಿವರೆಗಿನ ಪಂಪ್‌ಸೆಟ್‌ಗೆ ಕರೆಂಟ್ ಪುಕ್ಕಟೆ. ಕೆಳಗಿನವರಿಗೆ ಆಗ ಲೀಟರ್ ಡೀಸೆಲ್‌ಗೆ 90 ರೂಪಾಯಿ ಇತ್ತು. ಒಂದೇ ಊರು, ಒಂದೇ ಬೆಳೆ, ಒಂದೇ ಮಾರುಕಟ್ಟೆ. ಈ ಹೊಟ್ಟೆಯುರಿ ಹಳೆಯದು. ಸೋಲಾರ್ ಪಂಪ್ ಬಗ್ಗೆ ಮಾತಾಡಲು ಯಾರನ್ನಾದರೂ ಕರೆಸಿ ಎಂದು ಗುಂಪಿನವರೇ ಕೇಳಿದ್ದು ಅದಕ್ಕೇ.

ಕೃಷಿ ಯಂತ್ರಗಳ ಕೆಲಸದಲ್ಲಿ ವರ್ಷಗಟ್ಟಲೆ ಇದ್ದು ನಿವೃತ್ತರಾದ ಒಬ್ಬರು ಮಾತಾಡಲು ಒಪ್ಪಿದರು. ಅವರು ಯಾವ ಕಂಪನಿಯ ಏಜೆಂಟೂ ಅಲ್ಲ. ವಿಷಯ ಬಲ್ಲವರು. ಆದರೂ ಮೊದಲ ಭಾಷಣ ನೆಲ ಕಚ್ಚಿತು.

ಮೊದಲ ಭಾಷಣ

ಸಮುದಾಯ ಭವನದಲ್ಲಿ ಸಭೆ. ಅವರ ಲೆಕ್ಕ ನೇರವಾಗಿತ್ತು. 5 ಎಚ್‌ಪಿ ಇಂಜಿನ್ ಗಂಟೆಗೆ ಒಂದು ಲೀಟರಿಗಿಂತ ತುಸು ಜಾಸ್ತಿ ಡೀಸೆಲ್ ಕುಡಿಯುತ್ತದೆ, ಅಂದರೆ ಗಂಟೆಗೆ ನೂರು ರೂಪಾಯಿ ದಾಟುತ್ತದೆ. ಸೋಲಾರ್ ಪಂಪ್‌ಗೆ ಇಂಧನದ ಖರ್ಚು ಸೊನ್ನೆ. ಕೇಂದ್ರದ ಕುಸುಮ್ ಯೋಜನೆಯ ಬಿ ಭಾಗದಲ್ಲಿ ಕೇಂದ್ರ ಶೇಕಡ 30, ರಾಜ್ಯ ಶೇಕಡ 50 ಕೊಡುತ್ತದೆ, ರೈತ ಶೇಕಡ 20 ಹಾಕಿದರೆ ಸಾಕು. ಹೀಗೆ ಹೇಳಿ ಬೋರ್ಡಿನ ಮೇಲೆ ಎರಡು ಅಂಕಿ ಬರೆದರು: ಡೀಸೆಲ್ 108, ಸೋಲಾರ್ 0.

ಮುಂದಿನ ಸಾಲಿನಲ್ಲಿದ್ದ ಹಿರಿಯ ರೈತರೊಬ್ಬರು ಎದ್ದರು. "ಸಾಹೇಬ್ರ, ಬಿಸಿಲು ಪುಕ್ಕಟೆ ಖರೆ. ಪ್ಲೇಟ್ ಪುಕ್ಕಟೆ ಏನ್ರಿ? ಎತ್ತು ಕೊಟ್ಟಿಗ್ಯಾಗ ಸುಮ್ನ ನಿಂತ್ರೂ ಮೇವು ತಿಂತದ. ನಿಮ್ಮ ಸೊನ್ನಿ ಎಲ್ಲಿಂದ ಬಂತ್ರಿ?"

ಸಭೆ ನಕ್ಕಿತು. ಭಾಷಣಕಾರರು ಸಬ್ಸಿಡಿಯ ಮಾತು ಮತ್ತೆ ಎತ್ತಿದರು. ಆಗ ಇನ್ನೊಬ್ಬ, ವಯಸ್ಸಿನಲ್ಲಿ ಚಿಕ್ಕವನು, ಕೇಳಿದ: "ನಮ್ಮ ಇಂಜಿನ್ದು ಒಂದ್ ತಾಸು, ಸೋಲಾರಿಂದು ಒಂದ್ ತಾಸು ಒಂದೇನ್ರಿ ಸರ? ಬಾಜೂ ಊರಾಗ ನಮ್ಮ ಮಾವಂದು ಐತಿ. ಮುಂಜಾನೆ ಎಂಟಕ್ಕ ಬೆರಳಿನಷ್ಟು ನೀರು ಬರ್ತದ."

ಈ ಎರಡು ಪ್ರಶ್ನೆಗೂ ಅಂದು ಸರಿಯಾದ ಉತ್ತರ ಸಿಗಲಿಲ್ಲ. ಚಹಾ ಕುಡಿದು ಜನ ಎದ್ದು ಹೋದರು. ಅರ್ಜಿ ಹಾಕುತ್ತೇನೆ ಎಂದವರು ಯಾರೂ ಇಲ್ಲ.

ನನ್ನ ಮಟ್ಟಿಗೆ ಹೇಳುವುದಾದರೆ, ಆ ಎರಡು ಪ್ರಶ್ನೆಗಳಲ್ಲೇ ಇಡೀ ವಿಷಯ ಇತ್ತು. ಮೊದಲನೆಯದು, ದುಡ್ಡು ಹಾಕಿದ ಮೇಲೆ ಓಡಿಸಿದರೂ ಓಡಿಸದಿದ್ದರೂ ಬೀಳುವ ಖರ್ಚನ್ನು ತಾಸಿನ ಲೆಕ್ಕಕ್ಕೆ ಹೇಗೆ ತರುವುದು ಎಂಬುದು. ಎರಡನೆಯದು, ಎರಡೂ ಪಂಪಿನ ತಾಸುಗಳನ್ನು ಯಾವ ಅಳತೆಯಿಂದ ಸಮ ಮಾಡುವುದು ಎಂಬುದು. ಇವೆರಡನ್ನೂ ಬಿಟ್ಟು "ಡೀಸೆಲ್ 108, ಸೋಲಾರ್ 0" ಎಂದರೆ ರೈತ ನಂಬುವುದಿಲ್ಲ. ನಂಬಲೂಬಾರದು.

ಡ್ರಮ್ಮು ಮತ್ತು ಗಡಿಯಾರ

ಭಾಷಣಕಾರರು ಮುನಿಸಿಕೊಂಡು ಹೋಗಲಿಲ್ಲ. ಎರಡನೇ ಸಭೆ ಮಾಡೋಣ, ಆದರೆ ಭವನದಲ್ಲಿ ಬೇಡ, ಅದಕ್ಕೂ ಮೊದಲು ಅಳೆಯೋಣ ಎಂದರು. ಈ ತೀರ್ಮಾನದಿಂದಲೇ ಪ್ರಕರಣದ ದಿಕ್ಕು ಬದಲಾಯಿತು.

ಅಳತೆಗೆ ಬಳಸಿದ್ದು 200 ಲೀಟರಿನ ಡ್ರಮ್ಮು ಮತ್ತು ಮೊಬೈಲಿನ ಸ್ಟಾಪ್‌ವಾಚ್. ಮೊದಲು ಇಂಜಿನ್. ಈರುಳ್ಳಿ ಬೆಳೆಯುವ ಒಬ್ಬ ರೈತರ ಬಾವಿಗೆ ಹೋದೆವು. ನೀರಿನ ಮಟ್ಟದಿಂದ ಪೈಪಿನ ಬಾಯಿಯವರೆಗೆ, ಪೈಪಿನೊಳಗಿನ ಎಳೆತವನ್ನೂ ಸೇರಿಸಿ, ಸುಮಾರು 15 ಮೀಟರ್ ಎತ್ತರಕ್ಕೆ ನೀರು ಏರಬೇಕು. ಇಂಜಿನ್ನಿನ ಟ್ಯಾಂಕನ್ನು ಅಂಚಿನವರೆಗೆ ತುಂಬಿಸಿ, ಹ್ಯಾಂಡಲ್ ತಿರುಗಿಸಿ ಚಾಲೂ ಮಾಡಿ, ಸರಿಯಾಗಿ ಒಂದು ಗಂಟೆ ಓಡಿಸಿ ನಿಲ್ಲಿಸಿದರು. ಆಮೇಲೆ ಲೀಟರ್ ಅಳತೆಯಿಂದ ಟ್ಯಾಂಕನ್ನು ಮತ್ತೆ ಅಂಚಿಗೆ ತುಂಬಿಸಿದಾಗ 1.2 ಲೀಟರ್ ಹಿಡಿಯಿತು. ನಡುವೆ ಪೈಪಿನ ಬಾಯಿಗೆ ಡ್ರಮ್ಮು ಹಿಡಿದಾಗ 22 ಸೆಕೆಂಡಿಗೆ ತುಂಬಿತು. ಅಂದರೆ ಸೆಕೆಂಡಿಗೆ 9 ಲೀಟರ್ ಮೇಲೆ, ಗಂಟೆಗೆ ಸುಮಾರು 33 ಸಾವಿರ ಲೀಟರ್.

ಇಂಜಿನ್ ಬೆಳಿಗ್ಗೆ ಓಡಿಸಿದರೂ ಮಧ್ಯರಾತ್ರಿ ಓಡಿಸಿದರೂ ಇದೇ ನೀರು. ಹಾಗಾಗಿ ಒಂದು ಸಲ ಅಳೆದರೆ ಸಾಕು. ಸೋಲಾರ್‌ಗೆ ಹಾಗಲ್ಲ, ಇಡೀ ದಿನ ಅಳೆಯಬೇಕು.

ಪಕ್ಕದ ಊರಿನ ಆ ಮಾವನ ಹೊಲಕ್ಕೇ ಹೋದೆವು. 3 ಎಚ್‌ಪಿ ಪಂಪು, 3 ಸಾವಿರ ವ್ಯಾಟ್ ಪ್ಯಾನಲ್, ಹೆಚ್ಚುಕಮ್ಮಿ ಅಷ್ಟೇ ಆಳದ ಬಾವಿ. ಮಾರ್ಚ್ ಹತ್ತಿರದ ನಿಚ್ಚಳ ಬಿಸಿಲಿನ ದಿನ. ಹುಡುಗ ಹೇಳಿದ್ದು ಸರಿಯಾಗಿತ್ತು. ಬೆಳಿಗ್ಗೆ 8ಕ್ಕೆ ಡ್ರಮ್ಮು ತುಂಬಲು 2 ನಿಮಿಷ 40 ಸೆಕೆಂಡ್ ಬೇಕಾಯಿತು. 9ಕ್ಕೆ 55 ಸೆಕೆಂಡ್. 10ಕ್ಕೆ 34. ಹನ್ನೆರಡಕ್ಕೂ ಒಂದಕ್ಕೂ 25. ಆಮೇಲೆ ಮತ್ತೆ ಇಳಿಮುಖ: 3ಕ್ಕೆ 36, 4ಕ್ಕೆ 58, ಸಂಜೆ 5ಕ್ಕೆ ಹೆಚ್ಚುಕಮ್ಮಿ ಮೂರು ನಿಮಿಷ.

ನಡುಮಧ್ಯಾಹ್ನದಲ್ಲೂ ಸೋಲಾರ್ ಪಂಪು ಆ ಇಂಜಿನ್ನಿನಷ್ಟು ನೀರು ಕೊಡಲಿಲ್ಲ. ಇದನ್ನು ಮುಚ್ಚಿಡಬಾರದು. ಎಚ್‌ಪಿ ಕಡಿಮೆ, ಪ್ಯಾನಲ್ಲೂ ಅಷ್ಟೇ. ಆದರೆ ಗಂಟೆಗಂಟೆಯ ನೀರನ್ನು ಕೂಡಿಸಿದಾಗ ಇಡೀ ದಿನಕ್ಕೆ ಸುಮಾರು 1 ಲಕ್ಷ 84 ಸಾವಿರ ಲೀಟರ್ ಬಂತು. ಅದನ್ನು 33 ಸಾವಿರದಿಂದ ಭಾಗಿಸಿದರೆ ಐದೂವರೆ ತಾಸು. ಅಂದರೆ ಆ ಸೋಲಾರ್ ಪಂಪಿನ ಒಂದು ಬಿಸಿಲಿನ ದಿನ ಈ ಇಂಜಿನ್ನಿನ ಐದೂವರೆ ತಾಸಿಗೆ ಸಮ.

ಭಾಷಣಕಾರರು ಅಲ್ಲೇ ನಿಂತು ಒಂದು ನಿರ್ಧಾರ ಮಾಡಿದರು. ಇನ್ನು ಮುಂದೆ ಸೋಲಾರ್ ಪಂಪ್ ಎಷ್ಟು ಗಂಟೆ ಓಡಿತು ಎಂದು ಹೇಳುವುದೇ ಇಲ್ಲ. ಎಲ್ಲವನ್ನೂ ರೈತನಿಗೆ ಗೊತ್ತಿರುವ ಇಂಜಿನ್ ತಾಸಿನಲ್ಲೇ ಹೇಳುವುದು.

ಎರಡನೇ ಭಾಷಣ

ಎರಡನೇ ಸಭೆ ಆ ಈರುಳ್ಳಿ ಹೊಲದ ಬದುವಿನ ಮೇಲೆ, ಬೇವಿನ ಮರದ ಕೆಳಗೆ. ಮೊದಲ ಮಾತೇ ಪ್ರಶ್ನೆಯಾಗಿತ್ತು.

"ಹೋದ ವರ್ಷ ನಿಮ್ಮ ಇಂಜಿನ್ ಎಷ್ಟು ತಾಸು ಓಡಿತು?"

ಯಾರಿಗೂ ಗೊತ್ತಿರಲಿಲ್ಲ. ಇಂಜಿನ್‌ಗೆ ಮೀಟರ್ ಇಲ್ಲವಲ್ಲ.

"ಹೋಗಲಿ, ಎಷ್ಟು ಕ್ಯಾನ್ ಡೀಸೆಲ್ ತಂದಿರಿ?"

ಇದು ಎಲ್ಲರಿಗೂ ಗೊತ್ತಿತ್ತು. ಒಬ್ಬರ ಮನೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿತ್ತು, ಇನ್ನೊಬ್ಬರಿಗೆ ಹೆಂಡತಿಯ ಲೆಕ್ಕ ನೆನಪಿತ್ತು. ಬಾವಿಯ ಯಜಮಾನರು 20 ಲೀಟರಿನ 27 ಕ್ಯಾನ್ ತಂದಿದ್ದರು. ಅಂದರೆ 540 ಲೀಟರ್. ತಾಸಿಗೆ 1.2 ಲೀಟರಿನಂತೆ ಭಾಗಿಸಿದರೆ 450 ತಾಸು. ನೋಡಿ, ಮೀಟರ್ ಇಲ್ಲದೆಯೇ ತಾಸು ಸಿಕ್ಕಿತು.

ಆಮೇಲೆ ಭಾಷಣ. ನಾನು ಬರೆದುಕೊಂಡದ್ದನ್ನು ಹೆಚ್ಚು ತಿದ್ದದೆ ಕೊಡುತ್ತೇನೆ:

"ಮೊದಲು ಇಂಜಿನ್ ಲೆಕ್ಕ ಮಾಡೋಣ. ಡೀಸೆಲ್ ತಾಸಿಗೆ 1.2 ಲೀಟರ್, 108 ರೂಪಾಯಿ. ಇದು ಕಣ್ಣಿಗೆ ಕಾಣುವ ಖರ್ಚು. ಕಾಣದೇ ಇರೋದು ಇದೆ. ಇಂಜಿನ್ ಆಯಿಲ್ ಬದಲಿಸ್ತೀರಿ, ತಾಸಿಗೆ ಹಂಚಿದರೆ 4 ರೂಪಾಯಿ ಬೀಳುತ್ತೆ. ನಾಝಲ್, ಫಿಲ್ಟರ್, ರಿಂಗು, ವಾಷರು, ಮೆಕ್ಯಾನಿಕ್ ಕೂಲಿ, ಎಲ್ಲ ಸೇರಿ ಹೋದ ವರ್ಷ ನಾಲ್ಕೂವರೆ ಸಾವಿರ ಅಂತ ಯಜಮಾನರು ಹೇಳಿದರು. 450 ತಾಸಿಗೆ ಹಂಚಿದರೆ 10 ರೂಪಾಯಿ. ಬಂಕಿಗೆ ಹೋಗಿ ಬರುವ ಬೈಕಿನ ಪೆಟ್ರೋಲು ಒಂದು 6 ರೂಪಾಯಿ. ಒಟ್ಟು 128. ಇಂಜಿನ್ನಿನ ಬೆಲೆ ನಾನು ಸೇರಿಸಿಲ್ಲ. ಯಾಕೆ? ಅದನ್ನು ನೀವು ಆಗಲೇ ಕೊಂಡಾಗಿದೆ. ಸೋಲಾರ್ ಹಾಕಿದರೂ ಆ ದುಡ್ಡು ವಾಪಸ್ ಬರಲ್ಲ. ಹೊಸದಾಗಿ ಇಂಜಿನ್ ಕೊಳ್ಳಬೇಕು ಅಂತಿರೋರು ಮಾತ್ರ ಅದನ್ನೂ ಸೇರಿಸಿಕೊಳ್ಳಿ.

"ಈಗ ಸೋಲಾರ್. ಹೋದ ಸಲ ಅಜ್ಜ ಕೇಳಿದರಲ್ಲ, ಎತ್ತು ನಿಂತರೂ ಮೇವು ತಿನ್ನುತ್ತೆ ಅಂತ. ಆ ಮೇವಿನ ಲೆಕ್ಕ ಇದು. 3 ಎಚ್‌ಪಿ ಪಂಪು, ಪ್ಯಾನಲ್ಲು, ಕಂಟ್ರೋಲರ್ ಸೇರಿ ಎರಡೂವರೆ ಲಕ್ಷ ಅಂತ ಹಿಡಿಯೋಣ. ನಿಮ್ಮ ಪಾಲು ಶೇಕಡ 20, ಅಂದ್ರೆ 50 ಸಾವಿರ. ಪೈಪು, ಬೇಲಿ, ಓಡಾಟ ಅಂತ ಕೈಯಿಂದ ಇನ್ನೊಂದು 15 ಸಾವಿರ ಹೋಗುತ್ತೆ. ಒಟ್ಟು 65 ಸಾವಿರ. ಪ್ಯಾನಲ್ಲು 25 ವರ್ಷ ಬರುತ್ತೆ ಅಂತ ಹೇಳ್ತಾರೆ, ಬರಬಹುದು. ಪಂಪು, ಕಂಟ್ರೋಲರ್ ಅಷ್ಟು ಬರಲ್ಲ. ನಾನು ಎಲ್ಲಕ್ಕೂ 10 ವರ್ಷ ಅಂತಲೇ ಹಿಡೀತೀನಿ. ವರ್ಷಕ್ಕೆ ಆರೂವರೆ ಸಾವಿರ ಆಯ್ತು. ಆ ದುಡ್ಡಿನ ಬಡ್ಡಿ ವರ್ಷಕ್ಕೆ ಸರಾಸರಿ 3 ಸಾವಿರ. ಮೊದಲ 5 ವರ್ಷ ರಿಪೇರಿ ಕಂಪನಿಯವರದೇ, ಆದರೂ ಮುಂದಿನ ದಿನಕ್ಕೆ ಅಂತ ವರ್ಷಕ್ಕೆ 4 ಸಾವಿರ ಎತ್ತಿಡಿ. ಕೂಡಿಸಿ. ಹದಿಮೂರೂವರೆ ಸಾವಿರ. ನೀವು ಒಂದು ಹನಿ ನೀರು ಎತ್ತದಿದ್ದರೂ ವರ್ಷಕ್ಕೆ ಇಷ್ಟು ಖರ್ಚು ಇದ್ದೇ ಇದೆ.

"ಇದನ್ನು 450 ತಾಸಿಗೆ ಹಂಚಿ. ತಾಸಿಗೆ 30 ರೂಪಾಯಿ. ಇಂಜಿನ್ನಿನ ಒಂದು ತಾಸಿನ ನೀರು ಅಲ್ಲಿ 128, ಇಲ್ಲಿ 30. ಸೊನ್ನೆ ಅಲ್ಲ, 30."

ಆ ಹಿರಿಯರು ತಲೆಯಾಡಿಸಿದರು. ಆದರೆ ಸುಮ್ಮನಾಗಲಿಲ್ಲ. "ನಾನು ಐದ ಕ್ಯಾನು ತಂದೀನ್ರಿ. ನಂದ್ ಹೇಳ್ರಿ."

ಐದು ಕ್ಯಾನ್ ಅಂದರೆ 100 ಲೀಟರ್, ಸುಮಾರು 83 ತಾಸು. ಅವರ ಹೊಲದಲ್ಲಿ ಕಡಲೆ, ಜೋಳ. ಮಳೆ ಕೈಕೊಟ್ಟಾಗ ಒಂದೆರಡು ನೀರು ಕೊಡುತ್ತಾರೆ, ಅಷ್ಟೇ. ಹದಿಮೂರೂವರೆ ಸಾವಿರವನ್ನು 83ಕ್ಕೆ ಹಂಚಿದಾಗ ತಾಸಿಗೆ 163 ಬಂತು. ಡೀಸೆಲ್‌ಗಿಂತ 35 ರೂಪಾಯಿ ಜಾಸ್ತಿ.

ಭಾಷಣಕಾರರು ತಡಮಾಡದೆ ಹೇಳಿದರು: "ನಿಮಗೆ ಸೋಲಾರ್ ಬೇಡ. ಬೆಳೆ ಬದಲಿಸೋ ಯೋಚನೆ ಇಲ್ಲ ಅಂದ್ರೆ ಇಂಜಿನ್ನೇ ಇರಲಿ."

ಸಭೆಯ ಮುಖವೇ ಬದಲಾದದ್ದು ಇಲ್ಲಿ. ಸೋಲಾರ್ ಬಗ್ಗೆ ಹೇಳಲು ಬಂದವರು ಒಬ್ಬರಿಗೆ "ಬೇಡ" ಅಂದದ್ದನ್ನು ಕೇಳಿದ ಮೇಲೆ ಉಳಿದವರು ತಮ್ಮ ತಮ್ಮ ಕ್ಯಾನ್ ಲೆಕ್ಕ ತೆಗೆದರು. ಒಬ್ಬೊಬ್ಬರದೂ ಮಣ್ಣಿನ ಮೇಲೆ ಕಡ್ಡಿಯಿಂದ ಬರೆದು ಭಾಗಿಸಿ ನೋಡಿದರು. ಸಮ ಬೀಳುವ ಅಂಕಿಯನ್ನೂ ಯಾರೋ ಕೇಳಿದರು. 13,500ನ್ನು 128ರಿಂದ ಭಾಗಿಸಿದರೆ ಸುಮಾರು 105 ತಾಸು. ಕ್ಯಾನಿನ ಭಾಷೆಯಲ್ಲಿ ಹೇಳುವುದಾದರೆ ಆರಕ್ಕಿಂತ ತುಸು ಜಾಸ್ತಿ. ವರ್ಷಕ್ಕೆ ಆರು ಕ್ಯಾನಿನ ಒಳಗಿರುವವರಿಗೆ ಸಬ್ಸಿಡಿ ಇದ್ದರೂ ಗಿಟ್ಟುವುದಿಲ್ಲ. ಹತ್ತು ದಾಟಿದವರು ಯೋಚಿಸಬಹುದು. ನಡುವಿನವರಿಗೆ ಅತ್ತಿತ್ತ.

ಸಬ್ಸಿಡಿ ಸಿಗದವನ ಲೆಕ್ಕ

ಮೊದಲ ಸಭೆಯಲ್ಲಿ ಬೆರಳಿನಷ್ಟು ನೀರಿನ ಮಾತೆತ್ತಿದ ಹುಡುಗನದು 12 ಕ್ಯಾನ್, ಅಂದರೆ 200 ತಾಸು. ಲೆಕ್ಕದ ಪ್ರಕಾರ ತಾಸಿಗೆ 67 ರೂಪಾಯಿ, ಡೀಸೆಲ್‌ನ ಅರ್ಧ. ಅವನ ಮುಖ ಅರಳಿತ್ತು. ಆದರೆ ಅವನು ಮಾಡುವ ಹೊಲ ಲಾವಣಿಯದು, ಉತಾರದಲ್ಲಿ ಹೆಸರು ಬೇರೆಯವರದು. ಅರ್ಜಿ ಹಾಕಬೇಕಾದರೆ ಹೊಲದ ಯಜಮಾನನೇ ಹಾಕಬೇಕು. ಆತ ಊರಲ್ಲಿಲ್ಲ, ಇಂಥ ಓಡಾಟದಲ್ಲಿ ಆಸಕ್ತಿಯೂ ಇಲ್ಲ.

ಪೂರ್ತಿ ಬೆಲೆ ಕೊಟ್ಟು ಹಾಕಿದರೆ? ಅದನ್ನೂ ಮಾಡಿ ನೋಡಿದರು. 2 ಲಕ್ಷ 65 ಸಾವಿರವನ್ನು 10 ವರ್ಷಕ್ಕೆ ಹಂಚಿ, ಬಡ್ಡಿ 12 ಸಾವಿರ, ರಿಪೇರಿಗೆ 4 ಸಾವಿರ ಸೇರಿಸಿದರೆ ವರ್ಷಕ್ಕೆ ನಲವತ್ತೆರಡೂವರೆ ಸಾವಿರ. ಅವನ 200 ತಾಸಿಗೆ ಹಂಚಿದರೆ ತಾಸಿಗೆ 212. ಆಗದ ಮಾತು. 27 ಕ್ಯಾನಿನ ಯಜಮಾನರಿಗೆ ಅದೇ ಪೂರ್ತಿ ಬೆಲೆಯಲ್ಲೂ ತಾಸಿಗೆ 94 ಬೀಳುತ್ತಿತ್ತು, ಡೀಸೆಲ್‌ಗಿಂತ ಕಡಿಮೆಯೇ. ಸಬ್ಸಿಡಿ ಇಲ್ಲದೆ ಸಮ ಬೀಳಬೇಕಾದರೆ ವರ್ಷಕ್ಕೆ 330 ತಾಸಿನ ಮೇಲೆ ನೀರು ಬೇಕು.

ಬಾಡಿಗೆ ಹೊಲದವನಿಗೆ ಇದರಲ್ಲಿ ದಾರಿ ಇಲ್ಲ ಎಂಬುದು ನನಗೆ ಈಗಲೂ ಚುಚ್ಚುವ ವಿಷಯ. ಅವನ ಇಂಜಿನ್ ಇನ್ನೂ ಓಡುತ್ತಿದೆ.

ತಾಸು ಸಮ ಆದರೂ ನೀರು ಸಮ ಅಲ್ಲ

ಈರುಳ್ಳಿಯ ಯಜಮಾನರು ಅರ್ಜಿ ಹಾಕಿದರು, ತಮ್ಮ ಪಾಲು ಕಟ್ಟಿದರು, ಕಾದರು, ಪಂಪ್ ಬಂತು. ಕಾಯುವಾಗ ಒಂದು ವಿಷಯದಲ್ಲಿ ಹುಷಾರಾಗಿದ್ದರು. ಕುಸುಮ್ ಹೆಸರಿನಲ್ಲಿ ನೋಂದಣಿ ಶುಲ್ಕ ಕೇಳುವ ನಕಲಿ ವೆಬ್‌ಸೈಟ್‌ಗಳಿವೆ ಎಂದು ಕೇಂದ್ರದ ಇಲಾಖೆಯೇ ಎಚ್ಚರಿಕೆ ಕೊಟ್ಟಿದೆ. ಮೊಬೈಲಿಗೆ ಬಂದ ಲಿಂಕ್ ಒತ್ತದೆ ಅವರು ನೇರ ಕಚೇರಿಗೇ ಹೋದರು.

ತೊಂದರೆ ಶುರುವಾದದ್ದು ಮೊದಲ ವಾರದಲ್ಲೇ. ಬಾವಿಯಿಂದ ಈರುಳ್ಳಿ ಮಡಿಗಳಿಗೆ ಸುಮಾರು 80 ಮೀಟರ್ ಮಣ್ಣಿನ ಕಾಲುವೆ. ಇಂಜಿನ್ನಿನ ಜೋರಿಗೆ ನೀರು ಓಡಿಕೊಂಡು ಹೋಗುತ್ತಿತ್ತು. ಸೋಲಾರ್‌ನ ಬೆಳಗಿನ ನೀರು ಹಾಗಲ್ಲ. ಒಣಗಿ ಬಿರುಕು ಬಿಟ್ಟ ಕಪ್ಪು ಮಣ್ಣಿನ ಕಾಲುವೆಯಲ್ಲಿ ಅದು ಅರ್ಧ ದಾರಿಯಲ್ಲೇ ಇಂಗಿ ಹೋಗುತ್ತಿತ್ತು. 9 ಗಂಟೆಗೆ ಪೈಪಿನ ಬಾಯಲ್ಲಿ ನೀರು ಕಾಣುತ್ತದೆ, ಮಡಿಯ ಬಾಯಲ್ಲಿ ಇಲ್ಲ. ಡ್ರಮ್ಮಿನ ಲೆಕ್ಕ ಪೈಪಿನ ಬಾಯಲ್ಲಿ ಮಾಡಿದ್ದು, ಬೆಳೆಗೆ ಬೇಕಾದದ್ದು ಮಡಿಯ ಬಾಯಲ್ಲಿ.

ಭಾಷಣಕಾರರಿಗೆ ಫೋನ್ ಹೋಯಿತು. ಬಂದು ನೋಡಿ ಎರಡು ದಾರಿ ಹೇಳಿದರು. ಒಂದು, ಬೆಳಿಗ್ಗೆ 10ರಿಂದ ಮಧ್ಯಾಹ್ನ ಮೂರೂವರೆವರೆಗಿನ ನೀರನ್ನು ಮಾತ್ರ ದೂರದ ಮಡಿಗಳಿಗೆ ಬಿಡುವುದು. ಆ ಅವಧಿಯಲ್ಲೇ ದಿನದ ಸುಮಾರು 1 ಲಕ್ಷ 40 ಸಾವಿರ ಲೀಟರ್ ಬಂದುಬಿಡುತ್ತದೆ. ಇಂಜಿನ್ ಲೆಕ್ಕದಲ್ಲಿ ನಾಲ್ಕೂಕಾಲು ತಾಸು. ಬೆಳಗಿನ ಮತ್ತು ಸಂಜೆಯ ತೆಳು ನೀರು ಬಾವಿ ಪಕ್ಕದ ಮೆಣಸಿನ ಗಿಡ, ಕಾಯಿಪಲ್ಲೆಗೆ. ಇನ್ನೊಂದು, ಕಾಲುವೆ ಬಿಟ್ಟು ಪೈಪ್ ಹಾಕುವುದು. ಯಜಮಾನರು ಮೊದಲು ಒಂದನೆಯದನ್ನು ಮಾಡಿದರು. ಮುಂದಿನ ಹಂಗಾಮಿಗೆ ಪೈಪ್ ಹಾಕಿದರು. ಕೈಯಿಂದ ಹಾಕಬೇಕು ಎಂದಿದ್ದ ಆ 15 ಸಾವಿರದಲ್ಲಿ ದೊಡ್ಡ ಪಾಲು ಹೋದದ್ದು ಈ ಪೈಪಿಗೇ.

ಎಣಿಸದ ಒಂದು ಲಾಭವೂ ಸಿಕ್ಕಿತು. ಅವರ ಬಾವಿಯ ಸೆಲೆ ಸಣ್ಣದು. ಇಂಜಿನ್ ಹಚ್ಚಿದರೆ ಏಪ್ರಿಲ್‌ನಲ್ಲಿ ಮೂರು ತಾಸಿಗೇ ತಳ ಕಾಣುತ್ತಿತ್ತು. ನಿಲ್ಲಿಸಿ, ನೀರು ಕೂಡುವವರೆಗೆ ಕಾದು, ಸಂಜೆ ಮತ್ತೆ ಹಚ್ಚಬೇಕಿತ್ತು. ಸೋಲಾರ್ ಬೆಳಿಗ್ಗೆಯಿಂದ ನಿಧಾನವಾಗಿ ಎಳೆಯುವುದರಿಂದ ಸೆಲೆಯೂ ಜೊತೆಜೊತೆಗೆ ತುಂಬುತ್ತ ಬರುತ್ತದೆ. ತಳ ಕಾಣುವುದು ಅಪರೂಪವಾಯಿತು. ಹಳ್ಳದಲ್ಲಿ ಸದಾ ನೀರಿರುವವರಿಗೆ ಇದರಿಂದ ಏನೂ ಹೆಚ್ಚಿಲ್ಲ, ಬಾವಿಯವರಿಗೆ ಮಾತ್ರ. ಮುಂದಿನ ಭಾಷಣಗಳಲ್ಲಿ ಭಾಷಣಕಾರರು "ನಿಮ್ಮ ಬಾವಿ ಎಷ್ಟು ತಾಸಿಗೆ ಖಾಲಿ ಆಗುತ್ತೆ?" ಎಂಬ ಪ್ರಶ್ನೆಯನ್ನೂ ಸೇರಿಸಿಕೊಂಡರು.

ಮೋಡದ ಮಾತು ಬೇರೆ. ಜುಲೈ, ಆಗಸ್ಟ್‌ನಲ್ಲಿ ಮಳೆ ಬಾರದೆ ಬರೀ ಮೋಡ ಕವಿದು ಕೂತಾಗ ಮೆಕ್ಕೆಜೋಳ ನೀರು ಕೇಳುತ್ತದೆ, ಪ್ಯಾನಲ್ ಬಿಸಿಲು ಕೇಳುತ್ತದೆ. ದಟ್ಟ ಮೋಡದ ದಿನ ಬಿಸಿಲಿನ ದಿನದ ಕಾಲುಭಾಗದಷ್ಟು ನೀರು ಬಂದರೂ ಹೆಚ್ಚು. ಇಂಜಿನ್ ಮಾರಬೇಡಿ ಎಂದು ಭಾಷಣಕಾರರು ಮೊದಲೇ ಹೇಳಿದ್ದರಿಂದ ಯಜಮಾನರು ಮಾರಿರಲಿಲ್ಲ. ಗುಜರಿಯವನು ಎರಡು ಸಲ ಬಂದು ಕೇಳಿದ್ದ.

ವರ್ಷದ ಕೊನೆಯ ಲೆಕ್ಕ

ವರ್ಷ ತುಂಬಿದ ಮೇಲೆ ಗುಂಪಿನ ಪುಸ್ತಕಕ್ಕೆ ಲೆಕ್ಕ ಬರೆಯಲು ಕೂತಾಗ ಒಂದು ಚಿಕ್ಕ ವಾದ ನಡೆಯಿತು. ಪಂಪಿನ ಕಂಟ್ರೋಲರಿನ ಪರದೆಯಲ್ಲಿ ಒಟ್ಟು ಓಡಿದ ಗಂಟೆ ಕಾಣುತ್ತದೆ. 1,900ರ ಹತ್ತಿರ ಇತ್ತು. ಅಲ್ಲಿಗೆ ಬಂದಿದ್ದ ಒಬ್ಬ ಏಜೆಂಟ್ ಹದಿಮೂರೂವರೆ ಸಾವಿರವನ್ನು 1,900ಕ್ಕೆ ಭಾಗಿಸಿ "ನೋಡಿ, ಗಂಟೆಗೆ 7 ರೂಪಾಯಿ" ಎಂದ. ಭಾಗಾಕಾರ ಸರಿ. ಹಂಚಿದ್ದು ತಪ್ಪು ಅಂಕಿಗೆ. ಆ 1,900ರಲ್ಲಿ ಬೆರಳಿನಷ್ಟು ನೀರು ಬಂದ ಗಂಟೆಗಳೂ ಇವೆ, ಸ್ವಿಚ್ ಹಾಕಿ ಮರೆತು ನೀರು ಸುಮ್ನೆ ಹಳ್ಳಕ್ಕೆ ಹರಿದ ಗಂಟೆಗಳೂ ಇವೆ, ಕೊಯ್ಲಾದ ಹೊಲಕ್ಕೆ ಹೇಗೂ ಪುಕ್ಕಟೆ ಎಂದು ಬಿಟ್ಟ ಗಂಟೆಗಳೂ ಇವೆ. ನೀರು ಬೇಕಿಲ್ಲದಾಗ ಓಡಿದ ಗಂಟೆಯಿಂದ ಒಂದು ಪೈಸೆಯೂ ಉಳಿದಿಲ್ಲ. ಈರುಳ್ಳಿಗಂತೂ ಜಾಸ್ತಿ ನೀರು ಕೊಟ್ಟರೆ ಗಡ್ಡೆ ಕೊಳೆಯುವುದು, ಕಟ್ಟಿಟ್ಟಾಗ ಬೇಗ ಕೆಡುವುದು ಬೇರೆ.

ಹಾಗಾಗಿ ನಾವು ಬರೆದದ್ದು ಉಳಿದ ಕ್ಯಾನಿನ ಲೆಕ್ಕ. ಮೊದಲು 27 ಕ್ಯಾನ್. ಆ ವರ್ಷ ಮೋಡದ ದಿನಗಳಿಗೆ ಮತ್ತು ಹಳ್ಳದಾಚೆಯ ತುಂಡು ಹೊಲಕ್ಕೆ ತಂದದ್ದು 4. ಉಳಿದದ್ದು 23 ಕ್ಯಾನ್, 460 ಲೀಟರ್, ಇಂಜಿನ್ ಲೆಕ್ಕದಲ್ಲಿ ಸುಮಾರು 383 ತಾಸು. ಹದಿಮೂರೂವರೆ ಸಾವಿರವನ್ನು ಇದಕ್ಕೆ ಹಂಚಿದರೆ ತಾಸಿಗೆ 35 ರೂಪಾಯಿ. ಬೇವಿನ ಮರದ ಕೆಳಗೆ ಹೇಳಿದ್ದು 30. ಬಿತ್ತನೆಯ ವರ್ಷ ಹೇಗಿರುತ್ತದೆ ಎಂದು ಮೊದಲೇ ಯಾರಿಗೆ ಗೊತ್ತು, ಐದು ರೂಪಾಯಿ ಆಚೀಚೆ ದೊಡ್ಡದಲ್ಲ. ಆದರೆ 30 ಎಂದು ಬರೆದಿದ್ದ ಪುಟದಲ್ಲಿ ಅದನ್ನು ಹೊಡೆದು 35 ಎಂದು ಬರೆದೆವು. ಇಂಜಿನ್ ಓಡಿಸಿದ್ದರೆ ಆ 383 ತಾಸಿಗೆ 49 ಸಾವಿರ ಹೋಗುತ್ತಿತ್ತು. ಸೋಲಾರ್‌ನ ಖರ್ಚು ಕಳೆದರೆ ಕೈಯಲ್ಲಿ ಉಳಿದದ್ದು ಮೂವತ್ತೈದೂವರೆ ಸಾವಿರ.

ಇದನ್ನು ಓದಿ ತಮ್ಮ ಊರಿನಲ್ಲಿ ಇಂಥ ಭಾಷಣ ಮಾಡುವವರಿಗೆ ನನ್ನದೊಂದು ಮಾತು. ನಮ್ಮ ಅಂಕಿಗಳನ್ನು ಎತ್ತಿಕೊಂಡು ಹೋಗಬೇಡಿ. 15 ಮೀಟರಿನ ಬಾವಿಯ ಲೆಕ್ಕ 40 ಮೀಟರಿನ ಬೋರ್‌ವೆಲ್‌ಗೆ ಆಗುವುದಿಲ್ಲ. ಅಲ್ಲಿ ಅದೇ ಪ್ಯಾನಲ್ಲು ಇಲ್ಲಿನ ಅರ್ಧ ನೀರನ್ನೂ ಎತ್ತುವುದಿಲ್ಲ. ಡೀಸೆಲ್ ಬೆಲೆ ಬದಲಾಗುತ್ತದೆ, ಸಬ್ಸಿಡಿಯ ಪಾಲು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಪಂಪಿನ ಬೆಲೆ ಟೆಂಡರಿನಿಂದ ಟೆಂಡರಿಗೆ ಬೇರೆ. ಡ್ರಮ್ಮು, ಗಡಿಯಾರ, ಕ್ಯಾನಿನ ಲೆಕ್ಕ ಇವಿಷ್ಟನ್ನು ತೆಗೆದುಕೊಂಡು ಹೋಗಿ. ಭಾಷಣವನ್ನು ಇಂಥ ದಿನಕ್ಕೆ ಎಂದು ಗೊತ್ತು ಮಾಡುವ ಮೊದಲು ಅಳತೆಯ ದಿನವನ್ನು ಗೊತ್ತು ಮಾಡಿ. ಮತ್ತೆ, ಸಭೆಗೆ ಬರುವವರಿಗೆ ಹೋದ ವರ್ಷದ ಡೀಸೆಲ್ ಚೀಟಿ ತರಲು ಮೊದಲೇ ಹೇಳಿ.

ಆ ಊರಿನಲ್ಲಿ ಅಂದು ಲೆಕ್ಕ ಬರೆಸಿದವರಲ್ಲಿ ಹತ್ತು ಕ್ಯಾನ್ ದಾಟಿದ, ಉತಾರದಲ್ಲಿ ಹೆಸರಿದ್ದವರು ಒಬ್ಬೊಬ್ಬರಾಗಿ ಅರ್ಜಿ ಹಾಕುತ್ತಿದ್ದಾರೆ. ಐದು ಕ್ಯಾನಿನ ಹಿರಿಯರು ಹಾಕಿಲ್ಲ. ಆದರೆ ಅವರ ಮಗ ಮುಂದಿನ ಹಿಂಗಾರಿಗೆ ಒಂದೆಕರೆ ಈರುಳ್ಳಿ ಹಾಕುವ ಮಾತಾಡುತ್ತಿದ್ದಾನೆ. ಹಾಕಿದರೆ ಎಷ್ಟು ಕ್ಯಾನ್ ಆಗುತ್ತದೆ ನೋಡಿಕೊಂಡು ಆಮೇಲೆ ಮತ್ತೆ ಭಾಗಿಸೋಣ ಎಂದಿದ್ದಾರೆ ಅಜ್ಜ.